ಮೂರನೆಯ ದಿನ ಮಂಗಳವಾರವೇ: ಅರಬ್ಬಿ ವಾರಗಳ ಲೆಕ್ಕ

ಸಂಪಾದಕರಿಗೆ ನಮಸ್ಕಾರ. ನನ್ನ ತಮ್ಮ ಕೆಲಸಕ್ಕೆಂದು ಸೌದಿಯ ಜೆಡ್ಡಾಕ್ಕೆ ಹೋಗಿ ನಾಲ್ಕು ತಿಂಗಳಾಯಿತು. ಮೊಬೈಲ್ ರಿಪೇರಿಗೆ ಕೊಟ್ಟಾಗ ಅಂಗಡಿಯವನು ‘ಥುಲಾಥಾ ದಿನ ಬಾ’ ಎಂದನಂತೆ. ಅರಬ್ಬಿಯಲ್ಲಿ ‘ಥಲಾಥಾ’ ಎಂದರೆ ಮೂರು ಎಂದು ಇವನಿಗೆ ಗೊತ್ತಿತ್ತು. ಸೋಮವಾರ ಒಂದು, ಮಂಗಳವಾರ ಎರಡು ಎಂದು ಎಣಿಸಿ ಬುಧವಾರ ಹೋದ. ‘ನಿನ್ನೆಯೇ ಬರಬೇಕಿತ್ತು’ ಎಂಬ ಮಾತು ಕೇಳಿ ಬಂದ. ಅವರ ಎಣಿಕೆ ಎಲ್ಲಿಂದ ಶುರುವಾಗುತ್ತದೆ? ಹಾಗೆಯೇ, ಅವನಿಗೆ ಶುಕ್ರವಾರ ರಜೆ, ದುಬೈಯಲ್ಲಿರುವ ಭಾವನಿಗೆ ಶನಿವಾರ–ಭಾನುವಾರ ರಜೆ. ಎರಡೂ ಅರಬ್ ದೇಶಗಳೇ ಅಲ್ಲವೇ?
— ಓದುಗರೊಬ್ಬರು, ಪುತ್ತೂರು

ಪ್ರಿಯ ಓದುಗರೇ,

ನಿಮ್ಮ ತಮ್ಮ ಭಾಷೆಯನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ. ತಪ್ಪಿದ್ದು ಎಣಿಕೆ ಶುರು ಮಾಡಿದ ಜಾಗದಲ್ಲಿ ಮಾತ್ರ. ಅರಬ್ಬಿಯಲ್ಲಿ ಒಂದನೆಯ ದಿನ ಭಾನುವಾರ. ಮನೆಯಲ್ಲಿ ಅಜ್ಜಿ ಪಂಚಾಂಗ ನೋಡಿ ಹೇಳುವ ಕ್ರಮದಲ್ಲೇ ಎಣಿಸಿದ್ದರೂ ಅವರಿಗೆ ಉತ್ತರ ಸಿಗುತ್ತಿತ್ತು. ನಮ್ಮ ಮಕ್ಕಳು ಶಾಲೆಯಲ್ಲಿ ಇಂದಿಗೂ ‘ಭಾನುವಾರ, ಸೋಮವಾರ, ಮಂಗಳವಾರ’ ಎಂದೇ ಬಾಯಿಪಾಠ ಮಾಡುತ್ತಾರೆ. ಸೋಮವಾರವನ್ನು ವಾರದ ತಲೆಗೆ ತಂದಿಟ್ಟಿದ್ದು ಕಚೇರಿಯ ರೂಢಿ. ಬೆರಳು ಮಡಿಸಿ ನೋಡಿ: ಭಾನು ಒಂದು, ಸೋಮ ಎರಡು, ಮಂಗಳ ಮೂರು, ಬುಧ ನಾಲ್ಕು, ಗುರು ಐದು. ಅರಬ್ಬಿಯಲ್ಲಿ ಇವೇ ಅಹದ್, ಇಥ್ನೈನ್, ಥುಲಾಥಾ, ಅರ್ಬಿಆ, ಖಮೀಸ್. ನಾವು ಗ್ರಹಗಳ ಹೆಸರಿಟ್ಟ ಜಾಗದಲ್ಲಿ ಅವರು ಅಂಕಿ ಇಟ್ಟುಕೊಂಡಿದ್ದಾರೆ.

ಆದರೆ ಅಂಕಿಯನ್ನು ಇದ್ದ ಹಾಗೆಯೇ ಎತ್ತಿ ದಿನಕ್ಕೆ ಅಂಟಿಸಿಲ್ಲ. ಅರಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳು ಸೇರಿ ಒಂದು ಧಾತುವಾಗುತ್ತದೆ. ಆ ಮೂರರ ನಡುವೆ ಸ್ವರಗಳನ್ನು ಬೇರೆ ಬೇರೆ ಅಚ್ಚಿನಲ್ಲಿ ಹೊಯ್ದರೆ ಬೇರೆ ಬೇರೆ ಮಾತುಗಳು ಹುಟ್ಟುತ್ತವೆ. ಥ–ಲ–ಥ ಎಂಬ ಧಾತುವಿನಿಂದ ‘ಥಲಾಥಾ’ ಎಂದರೆ ಮೂರು, ‘ಥಾಲಿಥ್’ ಎಂದರೆ ಮೂರನೆಯದು, ‘ಥುಲ್ಥ್’ ಎಂದರೆ ಮೂರನೆಯ ಒಂದು ಪಾಲು, ‘ಮುಥಲ್ಲಥ್’ ಎಂದರೆ ತ್ರಿಕೋನ. ಅದೇ ಧಾತು ಇನ್ನೊಂದು ಅಚ್ಚಿಗೆ ಬಿದ್ದರೆ ‘ಥುಲಾಥಾ’, ಅಂದರೆ ಮಂಗಳವಾರ. ಸಂಖ್ಯೆಗೂ ದಿನಕ್ಕೂ ಇರುವ ವ್ಯತ್ಯಾಸ ಮೊದಲ ಅಕ್ಷರದ ‘ಥ’, ‘ಥು’ ಮತ್ತು ಕೊನೆಯ ಆಕಾರದ ಎಳೆತದಲ್ಲಿ ಅಡಗಿದೆ. ನಾಲ್ಕರ ಧಾತುವೂ ಹೀಗೆಯೇ: ‘ಅರ್ಬಆ’ ಎಂದರೆ ನಾಲ್ಕು, ‘ರುಬ್’ ಎಂದರೆ ಕಾಲು ಭಾಗ, ‘ಅರ್ಬಿಆ’ ಎಂದರೆ ಬುಧವಾರ. ಸೌದಿಯ ದಕ್ಷಿಣದ ಮಹಾ ಮರುಭೂಮಿಗೆ ರುಬ್ ಅಲ್ ಖಾಲಿ ಎಂಬ ಹೆಸರಿದೆಯಲ್ಲ, ಅದರಲ್ಲಿರುವುದೂ ಇದೇ ಕಾಲು ಭಾಗ. ಜೊತೆಗಿರುವ ‘ಖಾಲಿ’ಯನ್ನು ಕನ್ನಡಕ್ಕೆ ಬಿಡಿಸಿ ಹೇಳಬೇಕಿಲ್ಲ. ‘ಖಮೀಸ್’ ಐದರ ಧಾತುವಿನದು. ತೊಡುವ ಕಮೀಸಿಗೂ ಇದಕ್ಕೂ ನಂಟಿಲ್ಲ, ಅರಬ್ಬಿಯಲ್ಲಿ ಅವೆರಡರ ಅಕ್ಷರಗಳೇ ಬೇರೆ.

ಕಿವಿಗೆ ಬೀಳುವ ರೂಪ ಪುಸ್ತಕದ್ದಕ್ಕಿಂತ ಬೇರೆಯಾಗಿರುತ್ತದೆ ಎಂಬುದನ್ನೂ ತಮ್ಮನಿಗೆ ತಿಳಿಸಿ. ಜೆಡ್ಡಾದ ಹಳೆಯ ಮನೆತನದವರು ಮಂಗಳವಾರವನ್ನು ‘ತಲೂತ್’, ಬುಧವಾರವನ್ನು ‘ರಬೂ’ ಎನ್ನುತ್ತಾರೆ. ಈಜಿಪ್ಟಿನ ಸಹೋದ್ಯೋಗಿ ‘ತಲಾತ್’, ‘ಅರ್ಬಾ’ ಎನ್ನಬಹುದು. ವ್ಯಂಜನಗಳನ್ನು ಹಿಡಿದುಕೊಂಡರೆ ದಾರಿ ತಪ್ಪುವುದಿಲ್ಲ. ‘ರ’ ಮತ್ತು ‘ಬ’ ಕೇಳಿಸಿತೆಂದರೆ ಅದು ಬುಧವಾರ.

ಅವರ ಮೊಬೈಲಿನಲ್ಲಿ ಅರಬ್ಬಿ ಕ್ಯಾಲೆಂಡರ್ ತೆರೆದರೆ ಪ್ರತಿ ದಿನದ ತಲೆಯ ಮೇಲೆ ಒಂದೊಂದೇ ಅಕ್ಷರ ಇರುತ್ತದೆ. ಅದು ದಿನದ ಹೆಸರಿನ ಮೊದಲ ಅಕ್ಷರವಿರಬೇಕು ಎಂದುಕೊಂಡವರು ಅಲ್ಲಿ ತಬ್ಬಿಬ್ಬಾಗುತ್ತಾರೆ. ಅಹದ್, ಇಥ್ನೈನ್, ಅರ್ಬಿಆ ಮೂರೂ ಅಲಿಫ್ ಎಂಬ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಅದನ್ನೇ ಬರೆದಿದ್ದರೆ ಭಾನುವಾರ, ಸೋಮವಾರ, ಬುಧವಾರ ಒಂದೇ ಥರ ಕಾಣುತ್ತಿದ್ದವು. ಹಾಗಾಗಿ ಭಾನುವಾರಕ್ಕೆ ಅಹದ್‌ನ ಎರಡನೆಯ ಅಕ್ಷರ ‘ಹ’, ಬುಧವಾರಕ್ಕೆ ಅರ್ಬಿಆದ ಎರಡನೆಯ ಅಕ್ಷರ ‘ರ’. ಇಥ್ನೈನ್‌ನ ಎರಡನೆಯ ಅಕ್ಷರ ‘ಥ’ ಮಂಗಳವಾರಕ್ಕೆ ಬೇಕು, ಆದ್ದರಿಂದ ಸೋಮವಾರಕ್ಕೆ ಮೂರನೆಯದಾದ ‘ನ’ ಬಂದಿದೆ. ಈ ‘ಥ’ ಅಕ್ಷರದ ತಲೆಯ ಮೇಲೆ ಮೂರು ಚುಕ್ಕೆಗಳಿರುತ್ತವೆ. ಮೂರು ಚುಕ್ಕೆ, ಮೂರನೆಯ ದಿನ, ಮಂಗಳವಾರ: ನಿಮ್ಮ ತಮ್ಮ ಇದೊಂದನ್ನು ನೆನಪಿಟ್ಟುಕೊಂಡರೂ ಉಳಿದ ದಿನಗಳು ಅದರ ಆಚೀಚೆ ತಾವಾಗಿಯೇ ಕೂರುತ್ತವೆ.

ಐದಕ್ಕೆ ಎಣಿಕೆ ನಿಲ್ಲುತ್ತದೆ. ಆರನೆಯ ದಿನಕ್ಕೆ ಆರರ ಹೆಸರಿಲ್ಲ. ಇಸ್ಲಾಮಿಗಿಂತ ಮೊದಲು ಅರಬರು ಶುಕ್ರವಾರವನ್ನು ‘ಅರೂಬಾ’ ಎಂದು ಕರೆಯುತ್ತಿದ್ದರೆಂದು ಹಳೆಯ ಅರಬ್ಬಿ ವಿದ್ವಾಂಸರು ಬರೆದಿಟ್ಟಿದ್ದಾರೆ. ನಡುಹಗಲಿನ ಸಾಮೂಹಿಕ ನಮಾಜಿನಿಂದಾಗಿ ಅದು ‘ಜುಮುಆ’, ಅಂದರೆ ಕೂಡುವ ದಿನವಾಯಿತು. ಇದರ ಧಾತು ಜ–ಮ–ಅ, ಒಟ್ಟುಗೂಡಿಸುವುದು ಎಂಬ ಅರ್ಥದ್ದು. ಕನ್ನಡಿಗರಿಗೆ ಈ ಧಾತು ಹೊಸದೇನಲ್ಲ. ಬ್ಯಾಂಕಿನಲ್ಲಿ ನಾವು ಹಣ ‘ಜಮಾ’ ಮಾಡುತ್ತೇವೆ, ಕಂದಾಯ ಇಲಾಖೆಯವರು ‘ಜಮಾಬಂದಿ’ ನಡೆಸುತ್ತಾರೆ, ಊರಿನ ‘ಜಾಮಿಯಾ ಮಸೀದಿ’ ಮತ್ತು ‘ಜಮಾತ್’ ಎಲ್ಲರಿಗೂ ಗೊತ್ತು. ಎಲ್ಲವೂ ಒಂದೇ ಬೇರಿನ ಚಿಗುರುಗಳು. ಏಳನೆಯ ದಿನದ ‘ಸಬ್ತ್’ ಹೀಬ್ರೂ ಭಾಷೆಯ ಶಬ್ಬಾತ್‌ನ ಬಳಗ. ಕನ್ನಡ ಬೈಬಲ್ ಓದುವವರಿಗೆ ಅದು ‘ಸಬ್ಬತ್’ ದಿನವಾಗಿ ಪರಿಚಿತ. ಯಹೂದಿಗಳೂ ಭಾನುವಾರದಿಂದಲೇ ಒಂದು, ಎರಡು ಎಂದು ಎಣಿಸುತ್ತಾ ಬಂದು ಸಬ್ಬತ್ತಿನಲ್ಲಿ ನಿಲ್ಲುತ್ತಾರೆ. ಅವರು ಶುಕ್ರವಾರವನ್ನೂ ‘ಆರನೆಯ ದಿನ’ ಎಂದೇ ಕರೆಯುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಎಣಿಕೆ ಎಲ್ಲೆಡೆ ಭಾನುವಾರದಿಂದಲೇ ಶುರುವಾಗುತ್ತದೆ ಎಂದೂ ತಿಳಿಯಬೇಡಿ. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಜುಮ್ಮಾ ಮುಗಿದ ಮರುದಿನವೇ ಒಂದು. ಶನಿವಾರ ಒಂದಾದರೆ ಬುಧವಾರ ಐದಾಗುತ್ತದೆ. ಅದಕ್ಕೆ ‘ಜುಮಾತಾನೋ’ ಎನ್ನುತ್ತಾರೆ, ‘ತಾನೋ’ ಎಂದರೆ ಐದು. ಮರುದಿನ ಗುರುವಾರಕ್ಕೆ ಅರಬ್ಬಿಯಿಂದಲೇ ಎರವಲು ಪಡೆದ ‘ಅಲ್‌ಹಮೀಸಿ’. ಅದರ ಅರ್ಥವೂ ಐದೇ! ಒಂದೇ ವಾರದಲ್ಲಿ ಬೆನ್ನು ಬೆನ್ನಿಗೆ ಎರಡು ‘ಐದನೆಯ’ ದಿನಗಳು. ಇದನ್ನು ಮೊದಲ ಸಲ ತಿಳಿದಾಗ ಆದ ಸಂತೋಷವನ್ನು ಹಂಚಿಕೊಳ್ಳದೆ ಇರಲಾರೆ.

ಸೌದಿಯ ನೈರುತ್ಯದಲ್ಲಿ ಖಮೀಸ್ ಮುಶೈತ್ ಎಂಬ ದೊಡ್ಡ ಊರಿದೆ. ಗುರುವಾರದ ಸಂತೆಯಿಂದ ಅದಕ್ಕೆ ಆ ಹೆಸರು. ಮೊರಾಕ್ಕೊದಲ್ಲಿ ‘ಸೂಕ್ ಅಲ್ ಅರ್ಬಾ’ ಎಂಬ ಊರೂ ಇದೆ, ಅಂದರೆ ಬುಧವಾರದ ಸಂತೆ. ಕೊಡಗಿನಲ್ಲಿ ನಮ್ಮ ಶನಿವಾರಸಂತೆ ಇಲ್ಲವೇ, ಹಾಗೆ.

ಇನ್ನೊಂದು ಕಡೆ ಎಡವುವುದು ರಾತ್ರಿಯಲ್ಲಿ. ಇಸ್ಲಾಮಿಕ್ ಲೆಕ್ಕದಲ್ಲಿ ದಿನ ಹೊರಳುವುದು ಸೂರ್ಯಾಸ್ತಕ್ಕೆ, ನಡುರಾತ್ರಿಗಲ್ಲ. ಆದ್ದರಿಂದ ‘ಲೈಲತುಲ್ ಜುಮುಆ’, ಶುಕ್ರವಾರದ ರಾತ್ರಿ ಎಂದರೆ ನಮ್ಮ ಲೆಕ್ಕದ ಗುರುವಾರ ರಾತ್ರಿ. ನಮ್ಮಲ್ಲಿ ಉರ್ದು, ದಖನಿ ಆಡುವವರು ಗುರುವಾರಕ್ಕೆ ‘ಜುಮೇರಾತ್’ ಎನ್ನುವುದು ಇದೇ ಲೆಕ್ಕದಿಂದ: ಜುಮ್ಮಾದ ರಾತ್ರಿ. ಜೆಡ್ಡಾದಲ್ಲಿ ಯಾರಾದರೂ ಇಂಥ ದಿನದ ‘ಲೈಲಾ’ ಊಟಕ್ಕೆ ಬನ್ನಿ ಎಂದು ಕರೆದರೆ ತಾರೀಖನ್ನೂ ಕೇಳಿಕೊಳ್ಳಲು ಹೇಳಿ. ಹಳೆಯ ಲೆಕ್ಕದವರೂ ಕಚೇರಿ ಲೆಕ್ಕದವರೂ ಒಂದೇ ಊರಿನಲ್ಲಿರುತ್ತಾರೆ.

ಈಗ ರಜೆಯ ಮಾತು. ಹೆಸರುಗಳು ಎಲ್ಲ ಅರಬ್ ದೇಶಗಳಿಗೂ ಒಂದೇ, ರಜೆ ಮಾತ್ರ ಆಯಾ ಸರ್ಕಾರದ ಆಜ್ಞೆ. ಜುಮುಆ ಎಂಬ ಹೆಸರೇ ರಜೆಯನ್ನು ಕಟ್ಟಿಕೊಟ್ಟಿದೆ ಎಂದು ಹಲವರು ನಂಬಿದ್ದಾರೆ, ಅದು ಸರಿಯಲ್ಲ. ನಮಾಜಿನ ಕರೆ ಬಂದಾಗ ವ್ಯಾಪಾರ ಬಿಟ್ಟು ಬನ್ನಿ, ಮುಗಿದ ಮೇಲೆ ಚದುರಿ ನಿಮ್ಮ ಜೀವನೋಪಾಯ ಅರಸಿಕೊಳ್ಳಿ ಎಂಬ ಅರ್ಥದ ಮಾತು ಕುರ್‌ಆನಿನ 62ನೆಯ ಅಧ್ಯಾಯದಲ್ಲಿದೆ. ಇಡೀ ದಿನ ಕೆಲಸ ನಿಲ್ಲಿಸಬೇಕೆಂಬ ಸಬ್ಬತ್ತಿನ ಕಟ್ಟಳೆ ಶುಕ್ರವಾರಕ್ಕಿಲ್ಲ. ಹಾಗಾಗಿಯೇ ಮೊರಾಕ್ಕೊ, ಟುನೀಶಿಯಾ, ಲೆಬನಾನ್ ದೇಶಗಳು ಶನಿವಾರ–ಭಾನುವಾರ ರಜೆ ಇಟ್ಟುಕೊಂಡಿವೆ.

ಕೊಲ್ಲಿಯ ದೇಶಗಳಲ್ಲಿ ರಜೆ ಸರಿದಾಡಿದ್ದಕ್ಕೆ ಮುಖ್ಯ ಕಾರಣ ವ್ಯವಹಾರ. ಸೌದಿಯಲ್ಲಿ ಮೊದಲು ಗುರುವಾರ–ಶುಕ್ರವಾರ ರಜೆ ಇತ್ತು. ಕೆಲಸದ ವಾರ ಶನಿವಾರದಿಂದ ಬುಧವಾರದವರೆಗೆ. ಲಂಡನ್ನಿನ ಬ್ಯಾಂಕು ಸೋಮವಾರದಿಂದ ಶುಕ್ರವಾರದವರೆಗೆ ತೆರೆದಿರುತ್ತದೆ. ಎರಡೂ ಕಡೆ ಬಾಗಿಲು ತೆರೆದಿರುವ ದಿನಗಳನ್ನು ಎಣಿಸಿದರೆ ಸೋಮ, ಮಂಗಳ, ಬುಧ, ಮೂರೇ ದಿನ. 2013ರ ಜೂನ್‌ನಲ್ಲಿ ರಾಜಾಜ್ಞೆಯ ಮೂಲಕ ರಜೆಯನ್ನು ಶುಕ್ರವಾರ–ಶನಿವಾರಕ್ಕೆ ಸರಿಸಿದರು. ಆಗ ಗುರುವಾರವೂ ಸೇರಿ ನಾಲ್ಕು ದಿನ ಸಿಕ್ಕಿತು. ಅದೇ ವರ್ಷ ಮೇ ತಿಂಗಳಲ್ಲಿ ಒಮಾನ್ ಕೂಡ ಹೀಗೆಯೇ ಮಾಡಿತ್ತು. ದುಬೈ ಸೇರಿರುವ ಯುಎಇ 2006ರಲ್ಲೇ ಶುಕ್ರವಾರ–ಶನಿವಾರಕ್ಕೆ ಬಂದಿತ್ತು, 2022ರ ಜನವರಿಯಿಂದ ಇನ್ನೂ ಒಂದು ಹೆಜ್ಜೆ ಸರಿಯಿತು. ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ಪೂರ್ತಿ ರಜೆ. ಶುಕ್ರವಾರ ಬೆಳಿಗ್ಗೆ ಏಳೂವರೆಯಿಂದ ಹನ್ನೆರಡರವರೆಗೆ ಕೆಲಸ, ಆಮೇಲೆ ನಮಾಜು. ಅಲ್ಲಿಗೆ ನಾಲ್ಕೂವರೆ ದಿನವಾಯಿತು. ಅದೇ ಯುಎಇಯಲ್ಲಿ ದುಬೈ ಪಕ್ಕದ ಶಾರ್ಜಾ ಮಾತ್ರ ಶುಕ್ರವಾರವನ್ನು ಬಿಟ್ಟುಕೊಡದೆ ಸರ್ಕಾರಿ ನೌಕರರಿಗೆ ಶುಕ್ರ, ಶನಿ, ಭಾನು ಮೂರು ದಿನ ರಜೆ ಇಟ್ಟಿತು. ದುಬೈಗೂ ಶಾರ್ಜಾಕ್ಕೂ ನಡುವೆ ಇರುವುದು ಒಂದು ರಸ್ತೆಯಷ್ಟು ಗಡಿ. ಗಂಡ ಇಲ್ಲಿ, ಹೆಂಡತಿ ಅಲ್ಲಿ ಸರ್ಕಾರಿ ಕೆಲಸದಲ್ಲಿದ್ದರೆ ಶುಕ್ರವಾರದ ಬೆಳಗು ಮನೆಯಲ್ಲಿ ಎರಡು ಬಗೆಯಾಗಿರುತ್ತದೆ.

ನಿಮ್ಮ ಭಾವನಿಗೂ ತಮ್ಮನಿಗೂ ರಜೆ ಬೇರೆಯಾಗಿರುವುದು ಹೀಗೆ. ತಮ್ಮನಿಗೆ ಶುಕ್ರವಾರ ಒಂದೇ ದಿನ ರಜೆ ಎಂದು ಬರೆದಿದ್ದೀರಿ. ಎರಡು ದಿನದ ರಜೆ ಸರ್ಕಾರಿ ನೌಕರರಿಗೆ, ಬ್ಯಾಂಕಿನವರಿಗೆ, ದೊಡ್ಡ ಕಂಪನಿಗಳವರಿಗೆ. ಸೌದಿಯ ಕಾರ್ಮಿಕ ಕಾನೂನಿನಲ್ಲಿ ವಾರದ ವಿಶ್ರಾಂತಿಯ ದಿನ ಶುಕ್ರವಾರ, ಉಳಿದ ಆರು ದಿನ ದುಡಿಸಿಕೊಳ್ಳಲು ಅವಕಾಶವಿದೆ. ಅಂಗಡಿ, ಕಟ್ಟಡ ಕೆಲಸಗಳಲ್ಲಿರುವ ನಮ್ಮ ಕರಾವಳಿಯ ಎಷ್ಟೋ ಹುಡುಗರಿಗೆ ಸಿಗುವುದು ಈ ಒಂದು ದಿನವೇ. ಇದು ನನಗೆ ನೋವಿನ ಸಂಗತಿ. ರಜೆ ಎರಡು ದಿನವಾಯಿತು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅದು ಅವರನ್ನೂ ಮುಟ್ಟಿರುತ್ತದೆಂದು ಊರಿನಲ್ಲಿ ನಾವು ಅಂದುಕೊಳ್ಳುತ್ತೇವೆ.

ಆ ಒಂದು ದಿನ ಅವರಿಗೆ ಕಚೇರಿ ಕೆಲಸಕ್ಕೆ ಒದಗುವುದಿಲ್ಲ. ಶುಕ್ರವಾರ ಜೆಡ್ಡಾದ ಕಚೇರಿಗಳು ಮುಚ್ಚಿರುತ್ತವೆ, ಶನಿವಾರವೂ ಮುಚ್ಚಿರುತ್ತವೆ. ಭಾನುವಾರ ಅಲ್ಲಿ ತೆರೆದರೆ ಪುತ್ತೂರಿನಲ್ಲಿ ರಜೆ. ಎರಡೂ ಕಡೆಯ ಕಚೇರಿಗಳು ಸೇರಿ ಆಗಬೇಕಾದ ಕಾಗದಪತ್ರದ ಕೆಲಸವಿದ್ದರೆ ಇಥ್ನೈನ್‌ನಿಂದ ಖಮೀಸ್‌ವರೆಗಿನ ನಾಲ್ಕು ದಿನ ಮಾತ್ರ ಕೈಯಲ್ಲಿರುತ್ತವೆ. ಗುರುವಾರ ಮಧ್ಯಾಹ್ನ ಅಲ್ಲಿ ನಮ್ಮ ಶನಿವಾರ ಮಧ್ಯಾಹ್ನವಿದ್ದಂತೆ, ಎಲ್ಲರೂ ಮನೆಯ ಕಡೆ ಮುಖ ಮಾಡಿರುತ್ತಾರೆ. ಅರ್ಬಿಆದೊಳಗೆ ಕೆಲಸ ಮುಗಿಸಿಕೊಳ್ಳಲು ಹೇಳಿ.

— ಸಂಪಾದಕ