22 ಜನರ ತಂಡದಲ್ಲಿ ಇವರು ಮಾಡಿದ್ದೇನು?

ರೆಸ್ಯೂಮೆ ಓದುವ ಬಗ್ಗೆ ನನ್ನ ಬಳಿ ಸಲಹೆಗೆ ಬಂದ ಒಬ್ಬ ಮಹಿಳೆಯ ಒಪ್ಪಿಗೆ ಪಡೆದು ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಆಕೆ 9 ವರ್ಷ ಒಂದು ದೊಡ್ಡ ಐಟಿ ಸೇವಾ ಕಂಪನಿಯಲ್ಲಿ ನೇಮಕಾತಿ ಕೆಲಸ ಮಾಡಿದವರು. ನನ್ನ ಹತ್ತಿರ ಬರುವ ಐದು ತಿಂಗಳ ಮೊದಲು 30 ಜನರ ಒಂದು ಸ್ಟಾರ್ಟಪ್ ಸೇರಿದ್ದರು. ಅಲ್ಲಿ ಆಕೆ ಕಳಿಸಿದ ಮೊದಲ ಮೂರು ಶಾರ್ಟ್‌ಲಿಸ್ಟ್‌ಗಳನ್ನು ಸಂಸ್ಥಾಪಕರು ಹಾಗೇ ವಾಪಸ್ ಕಳಿಸಿದರು. ನಾಲ್ಕನೆಯದರಲ್ಲಿ ಒಬ್ಬರು ಆಯ್ಕೆಯಾದರು. ಅವರೂ ಮೂರನೇ ತಿಂಗಳಿಗೆ ಕೆಲಸ ಬಿಟ್ಟು ಹೋದರು. ನನ್ನ ಹತ್ತಿರ ಬಂದಾಗ ಆಕೆಯ ಕೈಯಲ್ಲಿ ಒಂದು ಫೈಲ್ ಇತ್ತು. "ಸರ್, ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೀನಿ. ಈಗ ರೆಸ್ಯೂಮೆ ತೆಗೆದರೆ ಕೈ ನಡುಗತ್ತೆ. ನನಗೆ ಓದೋಕೇ ಬರಲ್ವೇನೋ ಅನ್ನಿಸ್ತಿದೆ" ಎಂದರು.

ಮೊದಲ ಭೇಟಿಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಕೆಲಸ ಬಿಟ್ಟು ಹೋದ ಆ ವ್ಯಕ್ತಿಯ ರೆಸ್ಯೂಮೆಯನ್ನು ಹೇಗೆ ಆರಿಸಿದಿರಿ ಎಂದಷ್ಟೇ ಕೇಳಿದೆ. ಆಕೆ ತಡವರಿಸದೆ ಹೇಳಿದರು. ಆರು ವರ್ಷ ಅನುಭವ, ಅದರಲ್ಲಿ ಜಾವಾದಲ್ಲೇ ಐದೂವರೆ. ಎರಡು ಸರ್ಟಿಫಿಕೇಟ್. ಪ್ರಾಜೆಕ್ಟ್‌ಗಳಿಗೆ ಸೇರಿದ, ಬಿಟ್ಟ ತಾರೀಖುಗಳ ನಡುವೆ ಒಂದು ತಿಂಗಳೂ ಖಾಲಿ ಇಲ್ಲ. ಒಂದೇ ಕಂಪನಿ. ಕೆಲಸ ಮಾಡಿದ ಪ್ರತಿ ಪ್ರಾಜೆಕ್ಟ್‌ನ ಅವಧಿ, ತಂಡದ ಗಾತ್ರ, ಬಳಸಿದ ತಂತ್ರಾಂಶ ಎಲ್ಲ ನೀಟಾಗಿ ಬರೆದಿದ್ದರು.

ಈ ಓದಿನಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಆಕೆಗೆ ಸ್ಪಷ್ಟವಾಗಿ ಹೇಳುವುದು ನನಗೆ ಮುಖ್ಯವಾಗಿತ್ತು. ಆಕೆ ರೂಢಿಸಿಕೊಂಡಿದ್ದು ಸೇವಾ ಕಂಪನಿಯ ಹುದ್ದೆಗೆ ಸರಿಯಾದ ಓದು. ಅಲ್ಲಿ ಹುದ್ದೆ ಹುಟ್ಟುವುದೇ ಒಂದು ಪ್ರಾಜೆಕ್ಟ್‌ನಿಂದ. ಕ್ಲೈಂಟ್‌ಗೆ ಇಂಥ ಕೌಶಲದ, ಇಷ್ಟು ವರ್ಷ ಅನುಭವದ ಒಬ್ಬರು, ಇಂಥ ದಿನದಿಂದ ಬೇಕು. ಆ ವ್ಯಕ್ತಿಯ ಕೆಲಸಕ್ಕೆ ಕ್ಲೈಂಟ್‌ಗೆ ಬಿಲ್ ಹೋಗುತ್ತದೆ. ಎಷ್ಟೋ ಸಲ ಕಂಪನಿಯ ನಮೂನೆಗೆ ಬದಲಿಸಿದ ಅದೇ ರೆಸ್ಯೂಮೆ ಕ್ಲೈಂಟ್ ಕೈಗೂ ಹೋಗುತ್ತದೆ. ಹಾಗಾಗಿ ಓದುವವರು ಕೇಳಿಕೊಳ್ಳುವುದು, ಈ ಜಾಗದಲ್ಲಿ ಇವರನ್ನು ಕೂರಿಸಿದರೆ ಯಾರಾದರೂ ತಕರಾರು ತೆಗೆಯುತ್ತಾರಾ ಎಂದು. ವರ್ಷಗಳ ಲೆಕ್ಕ, ತಾರೀಖು, ಸರ್ಟಿಫಿಕೇಟ್, ನೋಟಿಸ್ ಪೀರಿಯಡ್ ಎಲ್ಲ ಆ ಪ್ರಶ್ನೆಗೇ ಉತ್ತರ. ಎರಡು ಕೆಲಸದ ತಾರೀಖು ಒಂದರ ಮೇಲೊಂದು ಬಂದರೆ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಮೊದಲೇ ಹಿಡಿಯುವುದು ಆಕೆಯ ಕೆಲಸವಾಗಿತ್ತು. ಚೆನ್ನಾಗಿಯೇ ಮಾಡುತ್ತಿದ್ದರು.

ಸ್ಟಾರ್ಟಪ್‌ನ ಹುದ್ದೆ ಕೇಳುವುದು ಬೇರೆಯದನ್ನು. ಅಲ್ಲಿ ಖಾಲಿ ಜಾಗ ಅಂತ ಒಂದು ಗೆರೆ ಎಳೆದಿರುವುದಿಲ್ಲ. ಏನು ಮಾಡಬೇಕು ಅನ್ನುವುದೇ ಅರ್ಧ ಗೊತ್ತಿರುತ್ತದೆ. ಆಯ್ಕೆಯಾಗಿದ್ದ ವ್ಯಕ್ತಿ ಮೊದಲ ವಾರ ಕೇಳಿದ್ದು, "ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಯಾರು ಕೊಡ್ತಾರೆ?" ಎಂದು. ಕೊಡುವವರು ಯಾರೂ ಇರಲಿಲ್ಲ. ಅದನ್ನು ಬರೆಯಬೇಕಾದವರು ಅವರೇ. ಆರು ವರ್ಷ ಬೇರೆಯವರು ಮಾಡಿಕೊಟ್ಟ ಡಿಸೈನ್‌ಗೆ ಕೋಡ್ ಬರೆದವರು ಅವರು. ಆ ಕೆಲಸ ಅವರಿಗೆ ಚೆನ್ನಾಗಿ ಬರುತ್ತಿತ್ತು. ಇಲ್ಲಿ ಅವರೂ ನೊಂದರು, ತಂಡವೂ ನೊಂದಿತು. ಹೀಗಾದದ್ದಕ್ಕೆ ಅವರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ.

ಎರಡನೇ ಭೇಟಿಗೆ ಬಂದಾಗ ಆಕೆ ಇನ್ನೊಂದು ತುದಿಗೆ ಹೋಗಿದ್ದರು. ಸೇವಾ ಕಂಪನಿಯಿಂದ ಬಂದ ರೆಸ್ಯೂಮೆಗಳನ್ನೆಲ್ಲ ತೆರೆಯದೆಯೇ ಪಕ್ಕಕ್ಕಿಡಲು ಶುರುಮಾಡಿದ್ದರು. ಪೆಟ್ಟು ತಿಂದವರು ಹೀಗೆ ಮಾಡುವುದು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವತ್ತು ಪಕ್ಕಕ್ಕಿಟ್ಟಿದ್ದರಲ್ಲೇ ಒಂದನ್ನು ಕೊಡಿ, ಇಬ್ಬರೂ ಕೂತು ಓದೋಣ ಎಂದೆ.

ಐದು ಪುಟದ ರೆಸ್ಯೂಮೆ. ಬ್ಯಾಂಕ್ ಒಂದಕ್ಕೆ ಮಾಡಿದ ಪ್ರಾಜೆಕ್ಟ್, ತಂಡದಲ್ಲಿ 22 ಜನ, ಹುದ್ದೆ ಸೀನಿಯರ್ ಡೆವಲಪರ್, ಅವಧಿ 26 ತಿಂಗಳು. ಕೆಳಗೆ ಕೆಲಸದ ಪಟ್ಟಿ. ಮೊದಲ ಸಾಲು: "ಪಾವತಿ ಮಾಡ್ಯೂಲ್‌ನ ಅಭಿವೃದ್ಧಿಯಲ್ಲಿ ಭಾಗವಹಿಸಿದ್ದೇನೆ." ನಾನು ಪೆನ್ಸಿಲ್ ಕೊಟ್ಟು ಕೇಳಿದೆ, "ಈ ಸಾಲನ್ನು ಅದೇ ತಂಡದ ಉಳಿದ 21 ಜನರಲ್ಲಿ ಎಷ್ಟು ಜನ ತಮ್ಮ ರೆಸ್ಯೂಮೆಯಲ್ಲಿ ಹಾಗೇ ಹಾಕಿಕೊಳ್ಳಬಹುದು?"

ಆಕೆ ಸ್ವಲ್ಪ ಯೋಚಿಸಿ, "ಎಲ್ಲರೂ" ಎಂದರು.

"ಹಾಗಾದರೆ ಆ ಸಾಲು ಪ್ರಾಜೆಕ್ಟ್ ಬಗ್ಗೆ ಹೇಳ್ತಿದೆ. ಇವರ ಬಗ್ಗೆ ಇನ್ನೂ ಏನೂ ಹೇಳಿಲ್ಲ, ಅಲ್ವಾ? ನಿಮ್ಮ ಹಳೇ ಕಂಪನಿಗೆ ಆ ಸಾಲು ಸಾಕು. ಬ್ಯಾಂಕ್ ಪಾವತಿಯ ಕೆಲಸ ಗೊತ್ತಿರುವವರು ಬೇಕು ಅಂತ ಕ್ಲೈಂಟ್ ಕೇಳಿದರೆ ಇದೇ ಸಾಕ್ಷಿ. ಈಗಿನ ಕೆಲಸಕ್ಕೆ ಅದರ ಮೇಲೆ ಸಣ್ಣ ಗೆರೆ ಹಾಕಿ ಮುಂದೆ ಹೋಗಿ."

ಹಾಗೆ ಗೆರೆ ಹಾಕುತ್ತಾ ಹೋದೆವು. ಮೊದಲ ಮೂರು ಪುಟಗಳಲ್ಲಿ ಉಳಿದದ್ದು ಎರಡೇ ಸಾಲು, ಅವೂ ಸಾಧಾರಣ. ಆಕೆ "ನೋಡಿದ್ರಾ ಸರ್" ಅನ್ನುವ ಹಾಗೆ ನನ್ನ ಮುಖ ನೋಡಿದರು. ನಾಲ್ಕನೇ ಪುಟದಲ್ಲಿ, ಸಪೋರ್ಟ್ ಕೆಲಸದ ಪಟ್ಟಿಯ ಕೊನೆಯಲ್ಲಿ ಒಂದು ಸಾಲಿತ್ತು. ರಾತ್ರಿ ಓಡುವ ಬ್ಯಾಚ್‌ನಲ್ಲಿ ಹೊಂದಾಣಿಕೆಯಾಗದ ಫೈಲುಗಳನ್ನು ಹುಡುಕಲು ಒಂದು ಸ್ಕ್ರಿಪ್ಟ್ ಬರೆದೆ, ಇದರಿಂದ ವಾರಕ್ಕೆ 40ರಷ್ಟು ಬರುತ್ತಿದ್ದ ದೂರಿನ ಟಿಕೆಟ್ 6ಕ್ಕೆ ಇಳಿಯಿತು, ಆಮೇಲೆ ಇನ್ನೆರಡು ತಂಡಗಳೂ ಅದನ್ನು ಬಳಸಿದವು ಎಂದು.

ಆಕೆಯ ಪೆನ್ಸಿಲ್ ಅಲ್ಲೇ ನಿಂತಿತು. ಈ ಸಾಲನ್ನು ಬೇರೆ 21 ಜನ ಹಾಕಿಕೊಳ್ಳಲಾಗದು. ಇದರಲ್ಲಿ ಒಂದು ತೊಂದರೆ ಇದೆ, ಅದನ್ನು ಕಂಡುಹಿಡಿದವರು ಇದ್ದಾರೆ, ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯಿತು ಅನ್ನುವ ಲೆಕ್ಕ ಇದೆ, ಬರೆದದ್ದು ಬರೆದವರ ಕೈ ಬಿಟ್ಟ ಮೇಲೂ ನಡೆಯಿತು ಅನ್ನುವುದಿದೆ. ಸ್ಟಾರ್ಟಪ್‌ಗೆ ಬೇಕಾದ ಮನುಷ್ಯ ನಾಲ್ಕನೇ ಪುಟದಲ್ಲಿ ಕೂತಿದ್ದರು.

ಅಲ್ಲಿ ಯಾಕೆ ಕೂತಿದ್ದರು ಅನ್ನುವುದನ್ನೂ ಮಾತಾಡಿದೆವು. ಸೇವಾ ಕಂಪನಿಗಳಲ್ಲಿ ರೆಸ್ಯೂಮೆ ಬರೆಯುವ ರೂಢಿಯೇ ಹಾಗೆ. ಪ್ರಾಜೆಕ್ಟ್ ಮುಂದೆ, ಮನುಷ್ಯ ಹಿಂದೆ. ಗೋಪ್ಯತೆಯ ಒಪ್ಪಂದದಿಂದ ಕ್ಲೈಂಟ್ ಹೆಸರು, ಕೆಲಸದ ವಿವರ ಬರೆಯಲು ಆಗದ ಸಂದರ್ಭವೂ ಇರುತ್ತದೆ. ಆದ್ದರಿಂದ ಸಾಲು ಇಲ್ಲ ಅಂದರೆ ಕೆಲಸ ಮಾಡಿಲ್ಲ ಅಂತ ಅರ್ಥವಲ್ಲ. ಗೆರೆ ಹಾಕುವ ಈ ವಿಧಾನದ ದೊಡ್ಡ ಮಿತಿ ಇದು. ಇದನ್ನು ಮರೆತರೆ ಬರವಣಿಗೆ ಬಲ್ಲವರಷ್ಟೇ ಆಯ್ಕೆಯಾಗುತ್ತಾರೆ. ಅದಕ್ಕೇ ನಾನು ಆಕೆಗೆ ಕೊಟ್ಟ ಸಲಹೆ, ಅನುಮಾನ ಇರುವ ರೆಸ್ಯೂಮೆಗಳಿಗೆ 15 ನಿಮಿಷದ ಒಂದು ಫೋನ್ ಮಾಡಿ, ಎರಡೇ ಪ್ರಶ್ನೆ ಕೇಳಿ. ಯಾರೂ ಹೇಳದಿದ್ದರೂ ಆ ಪ್ರಾಜೆಕ್ಟ್‌ನಲ್ಲಿ ನೀವೇ ಕೈಗೆತ್ತಿಕೊಂಡದ್ದು ಏನು? ಅದು ಕೆಟ್ಟಾಗ ಯಾರಿಗೆ ಫೋನ್ ಬರುತ್ತಿತ್ತು? ಎರಡನೇ ಪ್ರಶ್ನೆ ತುಂಬಾ ಮುಖ್ಯ. ಮಾಡಿದವರಿಗೆ ಯಾವ ದಿನ ಕೆಟ್ಟಿತು, ಮೊದಲು ಯಾವ ಲಾಗ್ ತೆಗೆದು ನೋಡಿದೆ, ಯಾವ ಊಹೆ ತಪ್ಪಾಯಿತು ಎಲ್ಲ ನೆನಪಿರುತ್ತದೆ. ಪಕ್ಕದಲ್ಲಿ ಕೂತು ನೋಡಿದವರ ಉತ್ತರ "ನಾವು ಸರಿಮಾಡಿದೆವು" ಎಂದು ಮುಗಿದುಹೋಗುತ್ತದೆ. "ನಾವು" ಅಂದದ್ದರಲ್ಲಿ ನೀವು ಮಾಡಿದ್ದು ಯಾವುದು ಅಂತ ಮೆಲ್ಲಗೆ ಇನ್ನೊಮ್ಮೆ ಕೇಳಿ ಎಂದೆ. ಕೆಲವರು ವಿನಯಕ್ಕೆ "ನಾವು" ಅನ್ನುತ್ತಾರೆ. ಅವರನ್ನು ಕಳೆದುಕೊಳ್ಳಬಾರದು.

ಫೈಲಿನಲ್ಲಿ ಸ್ಟಾರ್ಟಪ್‌ಗಳಿಂದಲೇ ಬಂದ ರೆಸ್ಯೂಮೆಗಳೂ ಇದ್ದವು. ಅದರಲ್ಲಿ ಒಂದನ್ನು ಆಕೆ "ನಿಲ್ಲೋರಲ್ಲ" ಅಂತ ಬರೆದು ಬದಿಗಿಟ್ಟಿದ್ದರು. ಮೂರು ಕೆಲಸ: 11 ತಿಂಗಳು, 16 ತಿಂಗಳು, 20 ತಿಂಗಳು. ಸೇವಾ ಕಂಪನಿಯ ಕಣ್ಣಿಗೆ ಇದು ಅಪಾಯವೇ. ಪ್ರಾಜೆಕ್ಟ್ ನಡುವೆ ಎದ್ದುಹೋದರೆ ಕ್ಲೈಂಟ್‌ಗೆ ಮತ್ತೊಬ್ಬರನ್ನು ಹುಡುಕಿ ಕೊಡಬೇಕು. ಆದರೆ ಸಣ್ಣ ಕಂಪನಿಗಳು ಮುಚ್ಚುತ್ತವೆ, ದಾರಿ ಬದಲಿಸುತ್ತವೆ. ಮೊದಲ ಕಂಪನಿ ಮುಚ್ಚಿತ್ತು ಎಂದು ಅದೇ ಪುಟದಲ್ಲಿ ಬರೆದಿತ್ತು. ಆಕೆಯ ಕಣ್ಣು ತಾರೀಖಿನ ಮೇಲಷ್ಟೇ ಓಡಿತ್ತು. ಇಂಥ ಕಡೆ ತಿಂಗಳು ಎಣಿಸುವ ಬದಲು, ಕಟ್ಟಿದ್ದನ್ನು ಜನ ಬಳಸಲು ಶುರುಮಾಡಿದ ಮೇಲೂ ಇವರು ಅಲ್ಲಿದ್ದರಾ ಎಂದು ನೋಡಿ ಎಂದೆ. ಬಿಡುಗಡೆಯ ಮರುತಿಂಗಳೇ ಹೊರಟಿದ್ದರೆ ತಮ್ಮ ತಪ್ಪಿನ ಫಲವನ್ನು ಅವರು ನೋಡಿಲ್ಲ. ಎರಡನೇ ಆವೃತ್ತಿಯವರೆಗೂ ಇದ್ದರೆ 16 ತಿಂಗಳು ಕಡಿಮೆಯೇನಲ್ಲ. ಇವರು ಇದ್ದರು. ಜೊತೆಗೆ ಹುದ್ದೆಯ ಹೆಸರಿಗೆ ಮರುಳಾಗಬೇಡಿ ಎಂದೂ ಹೇಳಿದೆ. ನಾಲ್ಕು ಜನರ ಕಂಪನಿಯಲ್ಲಿ "ಎಂಜಿನಿಯರಿಂಗ್ ಮುಖ್ಯಸ್ಥ" ಅಂದರೆ ಎಷ್ಟು ಜನರ ಮುಖ್ಯಸ್ಥ ಅಂತ ಕೇಳಲೇಬೇಕು.

ಇನ್ನೊಂದು ಸಲಹೆ ಸಂಸ್ಥಾಪಕರ ವಿಷಯದಲ್ಲಿ. ಪಟ್ಟಿ ವಾಪಸ್ ಬಂದಾಗ ಆಕೆ ಕಾರಣ ಕೇಳಿರಲಿಲ್ಲ. ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಅನ್ನುವ ಭಯ. ಮುಂದಿನ ಹುದ್ದೆ ಬಂದಾಗ ರೆಸ್ಯೂಮೆ ತೆರೆಯುವ ಮೊದಲು ಅವರ ಜೊತೆ 20 ನಿಮಿಷ ಕೂತು, "ಈ ಹುದ್ದೆ ಆರು ತಿಂಗಳು ಖಾಲಿ ಉಳಿದರೆ ಯಾವ ಕೆಲಸ ನಿಂತುಹೋಗುತ್ತೆ?" ಎಂದು ಕೇಳಿ, ಉತ್ತರವನ್ನು ಒಂದೇ ಸಾಲಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ ಎಂದೆ. ಆ ಸಾಲು ಇಲ್ಲದೆ ಹೋದರೆ ಕೈ ತನ್ನಷ್ಟಕ್ಕೇ ಹಳೇ ದಾರಿ ಹಿಡಿಯುತ್ತದೆ.

ಆಕೆ ನಾಲ್ಕನೇ ಪುಟದವರಿಗೆ ಫೋನ್ ಮಾಡಿದರು. ಮಾತು 15 ನಿಮಿಷ ದಾಟಿ 40 ನಿಮಿಷ ನಡೆಯಿತಂತೆ. ಸಂಸ್ಥಾಪಕರಿಗೂ ಇಷ್ಟವಾಯಿತು. ಆದರೆ ಅವರ ನೋಟಿಸ್ ಪೀರಿಯಡ್ ಮೂರು ತಿಂಗಳು. ಕಾಯುವುದೋ ಬೇಡವೋ ಎಂದು ಚರ್ಚೆಯಾಗಿ, ಕೊನೆಗೆ ಕಾದರು.

ಮೂರನೇ ಭೇಟಿಗೆ ಬಂದಾಗ ಆಕೆಯ ಬಳಿ ಹೊಸ ಹುದ್ದೆಯ ವಿವರ ಇತ್ತು. ಸ್ಟಾರ್ಟಪ್‌ಗೆ ಒಬ್ಬ ದೊಡ್ಡ ಗ್ರಾಹಕರು ಸಿಕ್ಕಿದ್ದರು. ಅವರ ಒಪ್ಪಂದದಲ್ಲಿ, ತಮ್ಮ ಡೇಟಾ ನೋಡಿಕೊಳ್ಳುವವರಿಗೆ ಇಂಥ ಸರ್ಟಿಫಿಕೇಟ್ ಇರಬೇಕು, ಹಿನ್ನೆಲೆ ಪರಿಶೀಲನೆ ಆಗಿರಬೇಕು, ಈ ಕೆಲಸದಲ್ಲಿ ಕನಿಷ್ಠ ಐದು ವರ್ಷ ಅನುಭವ ಬೇಕು ಎಂದು ಬರೆದಿತ್ತು. ನಾನು ಏನಾದರೂ ಹೇಳುವ ಮೊದಲೇ ಆಕೆ ಹೇಳಿದರು, "ಸರ್, ಇದಕ್ಕೆ ನನ್ನ ಹಳೇ ಓದೇ ಬೇಕು. ತಾರೀಖು, ಸರ್ಟಿಫಿಕೇಟ್, ವರ್ಷದ ಲೆಕ್ಕ. ಕಂಪನಿ ಚಿಕ್ಕದು ನಿಜ, ಆದರೆ ಈ ಹುದ್ದೆ ಅಲ್ಲಿಯದೇ ಥರ ಇದೆ."

ಎರಡು ದಿನದಲ್ಲಿ ಪಟ್ಟಿ ಕಳಿಸಿದ್ದರು. ಆ ಸಲ ವಾಪಸ್ ಬರಲಿಲ್ಲ.