ತಿದ್ದುಪಡಿಯ ಪಕ್ಕದಲ್ಲೇ ಕಾರಣವೂ ಇರಲಿ

> "ನಮ್ಮ ಪತ್ರಿಕೆಯ ಡೆಸ್ಕ್‌ಗೆ ಹೊಸದಾಗಿ ಬಂದವರ ವರದಿಗಳನ್ನು ನಾನೇ ತಿದ್ದಿ ಪುಟಕ್ಕೆ ಕಳಿಸ್ತೀನಿ. ಆರು ತಿಂಗಳಾದ್ರೂ ಅವೇ ತಪ್ಪುಗಳು. ಏನ್ಮಾಡ್ಲಿ?"

ಮೊದಲು ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಆನ್ ಮಾಡಿ (Ctrl+Shift+E). ಆದರೆ ಅದು ಏನು ಬದಲಾಯಿತು ಎಂದಷ್ಟೇ ತೋರಿಸುತ್ತದೆ. ಕಾರಣವನ್ನು ನೀವೇ ಕಾಮೆಂಟ್‌ನಲ್ಲಿ ಬರೆಯಬೇಕು.

ಉದಾಹರಣೆಗೆ, ‘ಪೊಲೀಸರಿಂದ ಮೂವರು ಕಳ್ಳರನ್ನು ಬಂಧಿಸಲಾಗಿದೆ’ ಎಂದು ಬಂದಿದೆ ಅಂದುಕೊಳ್ಳಿ. ನೀವು ‘ಕಳವು ಆರೋಪದ ಮೇಲೆ ಪೊಲೀಸರು ಮೂವರನ್ನು ಬಂಧಿಸಿದ್ದಾರೆ’ ಎಂದು ತಿದ್ದುತ್ತೀರಿ. ಇಲ್ಲಿರುವುದು ಎರಡು ತಿದ್ದುಪಡಿ, ಕಾಮೆಂಟೂ ಎರಡಿರಲಿ. ಒಂದು: ‘ಬಂಧಿಸಿದವರು ಯಾರೆಂದು ಗೊತ್ತಿದೆ, ಕರ್ತರಿ ಪ್ರಯೋಗ ಸಾಕು.’ ಇನ್ನೊಂದು: ‘ನ್ಯಾಯಾಲಯ ತೀರ್ಪು ಕೊಡುವವರೆಗೆ ಇವರು ಆರೋಪಿಗಳು, ಕಳ್ಳರು ಎಂದರೆ ಮಾನನಷ್ಟ ಮೊಕದ್ದಮೆಗೆ ದಾರಿ.’ ಎರಡನೆಯದು ಹೆಚ್ಚು ಗಂಭೀರ ಎಂದೂ ಬರೆಯಿರಿ. ಇಲ್ಲದಿದ್ದರೆ ಎರಡೂ ಬರೀ ಶೈಲಿಯ ವಿಷಯ ಅನ್ನಿಸಿಬಿಡುತ್ತದೆ.

‘ಬಂಧಿಸಲಾಗಿದೆ’ ಎಂಬಂಥ ಕರ್ಮಣಿ ಪ್ರಯೋಗ ಮುಂದೆ ಮತ್ತೆ ಬಂದರೆ ತಿದ್ದಬೇಡಿ, ಹಳದಿ ಬಣ್ಣ ಹಚ್ಚಿ ಅವರಿಗೇ ಬಿಡಿ. ಹೆಸರು, ಸಂಖ್ಯೆಗಳಲ್ಲಿ ಅನುಮಾನವಿದ್ದರೆ ಬದಲಿಸದೆ ಕೇಳಿ: ‘ಎಫ್ಐಆರ್‌ನಲ್ಲೂ ಮೂವರೇ?’ ಕಾರಣ ಬರೆಯಲು ಹೊರಟಾಗ ‘ನನಗೆ ಹೀಗೆ ಇಷ್ಟ’ ಎಂಬುದಷ್ಟೇ ಸಿಕ್ಕರೆ ಅವರ ವಾಕ್ಯವನ್ನೇ ಉಳಿಸಿ.

ಪುಟ ಮುಗಿಸುವ ಗಡಿಬಿಡಿಯಲ್ಲಿ ಇಷ್ಟೆಲ್ಲ ಆಗುವುದಿಲ್ಲ, ನಿಜ. ಆಗ ಮೂಲ ಪ್ರತಿಯನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡು ತಿದ್ದಿ ಕಳಿಸಿ. ಮರುದಿನ ವರ್ಡ್‌ನ ಕಂಪೇರ್‌ನಲ್ಲಿ ಎರಡನ್ನೂ ತೆರೆದು, ಮುಖ್ಯವಾದ ಎರಡು ಮೂರು ಕಡೆ ಕಾರಣ ಬರೆದುಕೊಡಿ.