ಗಟಾರಿನ ಕಾಂಕ್ರೀಟು: ಮೂಲೆಯನ್ನು ಎಷ್ಟು ಸಲ ಎಣಿಸಿದಿರಿ?

ಪ್ರಶ್ನೆ: ನಮ್ಮ ಓಣಿಯ ರಸ್ತೆ ಬದಿಯ ಗಟಾರು 120 ಮೀಟರ್ ಉದ್ದ. ಒಳಗೆ 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳ, ತಳ ಮತ್ತು ಎರಡೂ ಗೋಡೆ 15 ಸೆಂ.ಮೀ. ದಪ್ಪ. ನನ್ನ ಲೆಕ್ಕಕ್ಕೆ 32.4 ಘನ ಮೀಟರ್ ಕಾಂಕ್ರೀಟು ಬರುತ್ತದೆ, ಗುತ್ತಿಗೆದಾರರು 43.2 ಎನ್ನುತ್ತಾರೆ. ಯಾರದು ಸರಿ? (ಪಂಚಾಯಿತಿ ಸದಸ್ಯರು, ಗದಗ ತಾಲ್ಲೂಕು)

ಉತ್ತರ: ನೀವು ಕೊಟ್ಟ ಅಳತೆಗೆ ಇಬ್ಬರದೂ ತಪ್ಪು, ಮತ್ತು ತಪ್ಪಿರುವುದು ಒಂದೇ ಜಾಗದಲ್ಲಿ. ಒಳಗಿನ ಮೂರು ಬದಿಗಳನ್ನು ಕೂಡಿಸಿ 1.80 ಮೀಟರ್ ಮಾಡಿ, ಅದನ್ನು 0.15ರಿಂದ ಗುಣಿಸಿದ್ದೀರಿ, ಹಾಗೆ ಮಾಡಿದಾಗ ತಳವೂ ಗೋಡೆಯೂ ಸೇರುವ ಕೆಳಗಿನ ಎರಡು ಮೂಲೆಗಳು ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತವೆ. ಗುತ್ತಿಗೆದಾರರು ತಳವನ್ನು ಹೊರ ಅಗಲಕ್ಕೂ ಗೋಡೆಯನ್ನು ಹೊರ ಎತ್ತರಕ್ಕೂ ಹಿಡಿದಿರುವುದರಿಂದ ಅದೇ ಮೂಲೆಗಳು ಎರಡೆರಡು ಸಲ ಬಂದಿವೆ. ಪ್ರತಿ ಮೂಲೆ 0.15 ಗುಣಿಸು 0.15, ಎರಡು ಸೇರಿ 0.045 ಚದರ ಮೀಟರ್, 120 ಮೀಟರಿಗೆ 5.4 ಘನ ಮೀಟರ್. ನೀವು ಅಷ್ಟು ಕಡಿಮೆ ಹೇಳಿದಿರಿ, ಅವರು ಅಷ್ಟೇ ಹೆಚ್ಚು ಹೇಳಿದರು.

ಸರಿಯಾದ ದಾರಿ, ಹೊರಗಿನ ಚೌಕಟ್ಟಿನಿಂದ ಒಳಗಿನ ಖಾಲಿ ಜಾಗವನ್ನು ಕಳೆಯುವುದು. ಹೊರಗೆ 0.90 ಅಗಲ, 0.75 ಎತ್ತರ, ಅಂದರೆ 0.675, ಒಳಗೆ 0.60 ಗುಣಿಸು 0.60, ಅಂದರೆ 0.36. ಉಳಿದ 0.315 ಚದರ ಮೀಟರನ್ನು 120ರಿಂದ ಗುಣಿಸಿದರೆ 37.8 ಘನ ಮೀಟರ್. ನಂಬಿಕೆ ಬಾರದಿದ್ದರೆ ಕೆಲಸ ನಡೆಯುವ ಕ್ರಮದಲ್ಲೇ ಎಣಿಸಿ: ಮೊದಲು ಹೊರ ಅಗಲಕ್ಕೆ ತಳ ಹಾಕುತ್ತಾರೆ, ಅದು 0.135, ಆಮೇಲೆ ಅದರ ಮೇಲೆ 0.60 ಎತ್ತರದ ಎರಡು ಗೋಡೆ ಏಳುತ್ತವೆ, ಅವು 0.18. ಕೂಡಿಸಿದರೆ ಮತ್ತೆ 0.315. ತಳದ ಕೆಳಗೆ ಹಾಕುವ ಬೆಡ್ ಕಾಂಕ್ರೀಟು ಬೇರೆ ಬಾಬತ್ತು. ಅದನ್ನು ಇದರಲ್ಲಿ ತುರುಕಬೇಡಿ.

ಆದರೆ ಗುತ್ತಿಗೆದಾರರನ್ನು ಬೈಯುವ ಮೊದಲು ಗಟಾರಿನ ಕೊನೆಗೆ ಹೋಗಿ ಒಮ್ಮೆ ಆಳ ಅಳೆಯಿರಿ. ನೀವು ಅಳೆದದ್ದು ಬಹುಶಃ ನಿಮ್ಮ ಮನೆಯ ಮುಂದೆ ಮಾತ್ರ. ರಸ್ತೆ ಸಮತಟ್ಟಾಗಿದ್ದು, ನೀರು ಹರಿಯಲೆಂದು ತಳವನ್ನು 400ಕ್ಕೆ 1ರಂತೆ ಇಳಿಜಾರು ಮಾಡಿದ್ದರೆ, 120 ಮೀಟರಿನಲ್ಲಿ ತಳ 30 ಸೆಂ.ಮೀ. ಕೆಳಗಿಳಿಯುತ್ತದೆ. ಆಗ ಕೊನೆಯಲ್ಲಿ ಒಳ ಆಳ 90 ಸೆಂ.ಮೀ., ಸರಾಸರಿ 75. ಎರಡು ಗೋಡೆಗೆ 0.225, ತಳಕ್ಕೆ 0.135, ಒಟ್ಟು 0.36, ಉದ್ದದಿಂದ ಗುಣಿಸಿದರೆ ಸರಿಯಾಗಿ 43.2! ಅಂಥ ಸಂದರ್ಭದಲ್ಲಿ ಅವರ ಅಂಕಿ ನ್ಯಾಯವಾದದ್ದೇ. ಇಳಿಜಾರು ಒಂದೇ ಸಮನಾಗಿಲ್ಲದಿದ್ದರೆ ಎರಡು ತುದಿಗಳ ಸರಾಸರಿ ಸಾಲದು. ಹತ್ತು ಹತ್ತು ಮೀಟರಿಗೆ ಆಳ ಬರೆದುಕೊಂಡು, ಒಂದೊಂದು ತುಂಡನ್ನು ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಬೇಕು.

ದಪ್ಪದ ವಿಷಯದಲ್ಲಿ ನಾನು ಯಾರ ಮಾತನ್ನೂ ನಂಬುವುದಿಲ್ಲ. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಗೋಡೆಯ ತಲೆಯ ಮೇಲೆ ಟೇಪು ಹಿಡಿದು 15 ಸೆಂ.ಮೀ. ಎಂದು ಬರೆದುಕೊಂಡು ಬಂದಿದ್ದೆ. ಮುಂದೆ ನೀರಿನ ಪೈಪಿಗಾಗಿ ಗೋಡೆ ಒಡೆದಾಗ ನಡುವೆ 11 ಮಾತ್ರ ಇತ್ತು. ಹೊರಬದಿಗೆ ಸೆಂಟ್ರಿಂಗ್ ಹಲಗೆ ಕಟ್ಟದೆ, ಅಗೆದ ಎರಿ ಮಣ್ಣಿನ ದಂಡೆಯನ್ನೇ ಹಲಗೆಯಂತೆ ಬಳಸಿದ್ದರು. ಮಳೆಗೆ ಅದು ಉಬ್ಬಿ ಒಳಕ್ಕೆ ಬಂದಿತ್ತು. ತಳದ ದಪ್ಪವಂತೂ ಕಾಂಕ್ರೀಟು ಬಿದ್ದ ಮೇಲೆ ಕಾಣುವುದೇ ಇಲ್ಲ. ಆದ್ದರಿಂದ ತಳ ಹಾಕುವ ಮೊದಲೇ, ಗೋಡೆಯ ತಲೆ ಬರುವ ಮಟ್ಟದಲ್ಲಿ ಅಡ್ಡಲಾಗಿ ದಾರ ಎಳೆದು, ದಾರದಿಂದ ಬೆಡ್ಡಿನವರೆಗೆ ಅಳೆಯಿರಿ: ಅಲ್ಲಿನ ಒಳ ಆಳ 60 ಇರಬೇಕಾದರೆ ದಾರದ ಕೆಳಗೆ 75 ಸಿಗಬೇಕು.

ಪ್ರಶ್ನೆ: ಬಂದ ಘನ ಅಳತೆಯನ್ನು 1.54ರಿಂದ ಗುಣಿಸಬೇಕು ಎನ್ನುತ್ತಾರಲ್ಲ?

ಉತ್ತರ: ಅದು ಒಣ ಸಿಮೆಂಟು, ಉಸುಕು, ಕಡಿ ಎಷ್ಟು ಬೇಕೆಂದು ತಿಳಿಯಲು ಬಳಸುವ ಅಂಕಿ, ಬಿಲ್ಲಿಗೂ ರೆಡಿಮಿಕ್ಸ್ ಆರ್ಡರಿಗೂ ಅದನ್ನು ಹಚ್ಚುವವರು ನಿಮಗೆ ಒಂದೂವರೆ ಪಟ್ಟು ಟೋಪಿ ಹಾಕುತ್ತಿದ್ದಾರೆ.

ಪ್ರಶ್ನೆ: ಗೋಡೆಯಲ್ಲಿ ನೀರು ಒಸರಲು ಬಿಟ್ಟ ತೂತುಗಳನ್ನು ಕಳೆಯಬೇಕೆ?

ಉತ್ತರ: ಬೇಡ. ಕಟ್ಟಡ ಕೆಲಸದ ಅಳತೆಗಿರುವ ಭಾರತೀಯ ಮಾನಕ ಐಎಸ್ 1200ರ ಪ್ರಕಾರ 0.1 ಚದರ ಮೀಟರಿನವರೆಗಿನ ಕಿಂಡಿಗಳಿಗೆ ಕಡಿತವಿಲ್ಲ.

ಪ್ರಶ್ನೆ: ನಮ್ಮ ಮಿಸ್ತ್ರಿ ಅಳತೆ ತೆಗೆದುಕೊಳ್ಳದೆ, ಗಟಾರು ನೋಡಿಯೇ ಇಷ್ಟು ಬ್ರಾಸ್ ಕಡಿ ಬೇಕೆಂದು ಹೇಳುತ್ತಾರೆ. ನಂಬಬಹುದೆ?

ಉತ್ತರ: ಕಡಿ ಉಳಿದರೆ ಅದು ಯಾರ ಮನೆಯ ಕಟ್ಟೆಗೆ ಹೋಗುತ್ತದೆ ಎಂಬುದನ್ನು ನೋಡಿಕೊಳ್ಳಿ.